ಕಂಪ್ಯೂಟರ್ ಊರಲ್ಲಿ, ನೀವು ಪರವೂರಲ್ಲಿ: ಸ್ವಂತದ್ದೋ ಬಾಡಿಗೆಯದೋ ತೀರ್ಮಾನಿಸಲು ಏಳು ಸೂತ್ರಗಳು

ಹುಬ್ಬಳ್ಳಿಯಲ್ಲಿ ಆಫೀಸು ಇಟ್ಟುಕೊಂಡ ಒಬ್ಬ ತೆರಿಗೆ ಸಲಹೆಗಾರರನ್ನು ಊಹಿಸಿಕೊಳ್ಳಿ. ಒಂದೇ ಡೆಸ್ಕ್‌ಟಾಪ್, ಅದರಲ್ಲಿ ನಲವತ್ತು ಗಿರಾಕಿಗಳ ಟ್ಯಾಲಿ ಲೆಕ್ಕ. ಮಗಳ ಬಾಣಂತನಕ್ಕೆಂದು ಗಂಡಹೆಂಡತಿ ಒಂದು ತಿಂಗಳು ಪುಣೆಯಲ್ಲಿರಬೇಕು. ಆದರೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಸಲ್ಲಿಸಲೇಬೇಕು. ಅವರ ಮುಂದೆ ಎರಡು ದಾರಿಗಳಿವೆ. ಆಫೀಸಿನ ಕಂಪ್ಯೂಟರನ್ನೇ ಚಾಲೂ ಇಟ್ಟು ಪುಣೆಯ ಲ್ಯಾಪ್‌ಟಾಪಿನಿಂದ ಅದರೊಳಗೆ ಹೋಗುವುದು ಒಂದು. ವಿಂಡೋಸ್ 365, ಅಮೆಜಾನ್ ವರ್ಕ್‌ಸ್ಪೇಸಸ್‌ನಂಥ ಕ್ಲೌಡ್ ಡೆಸ್ಕ್‌ಟಾಪನ್ನು ಬಾಡಿಗೆಗೆ ಹಿಡಿಯುವುದು ಇನ್ನೊಂದು. ಯಾವುದು ಸರಿ? ಅವರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

1. ಯಂತ್ರ ನಿಂತರೆ ಬಟನ್ ಒತ್ತುವವರು ಯಾರು? ಮೊದಲು ಇದನ್ನು ಕೇಳಿಕೊಳ್ಳಿ

ಹೆಚ್ಚಿನವರು ವೇಗ ಎಷ್ಟು, ದರ ಎಷ್ಟು ಎಂದು ಶುರು ಮಾಡುತ್ತಾರೆ. ಅವು ಎರಡನೆಯ ಪ್ರಶ್ನೆಗಳು. ದೂರದಿಂದ ಎಷ್ಟೇ ಚೆನ್ನಾಗಿ ನಡೆಯುತ್ತಿದ್ದ ಕಂಪ್ಯೂಟರ್ ಕೂಡ ಒಂದಲ್ಲ ಒಂದು ದಿನ ಆಫ್ ಆಗುತ್ತದೆ, ರೂಟರ್ ಹ್ಯಾಂಗ್ ಆಗುತ್ತದೆ, ಕೇಬಲ್ ಸಡಿಲವಾಗುತ್ತದೆ. ಆಗ ಬೇಕಾಗುವುದು ಸ್ಥಳದಲ್ಲಿರುವ ಒಂದು ಕೈ. ಆಫೀಸಿಗೆ ದಿನಾ ಬರುವ ಸಹಾಯಕರಿದ್ದಾರೆ, ಇಲ್ಲವೇ ಕೀಲಿ ಕೊಟ್ಟಿರುವ ಪಕ್ಕದ ಅಂಗಡಿಯವರು ಫೋನ್ ಮಾಡಿದರೆ ಬಂದು ನೋಡುತ್ತಾರೆ ಎಂದಾದರೆ ಸ್ವಂತ ಕಂಪ್ಯೂಟರ್ ಸಾಕು. ಬಾಗಿಲಿಗೆ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಹೋಗುವವರಾದರೆ ಬಾಡಿಗೆಯ ಕಡೆಗೇ ವಾಲಬೇಕು. ಕ್ಲೌಡ್ ಬಾಡಿಗೆಯಲ್ಲಿ ನೀವು ನಿಜವಾಗಿ ಕೊಳ್ಳುವುದು ಆ ಇನ್ನೊಬ್ಬರ ಕೈಯನ್ನು. ಅಲ್ಲಿ ಕರೆಂಟು, ನೆಟ್ಟು, ಕೆಟ್ಟ ಡಿಸ್ಕ್ ಎಲ್ಲವೂ ಅವರ ತಲೆನೋವು. ರೀಸ್ಟಾರ್ಟ್ ಮಾಡಲು ಬ್ರೌಸರ್‌ನಲ್ಲೇ ಒಂದು ಬಟನ್ ಇರುತ್ತದೆ.

2. ತಿಂಗಳ ಲೆಕ್ಕ ಬೇರೆ, ವರ್ಷದ ಲೆಕ್ಕ ಬೇರೆ: ಎರಡನ್ನೂ ಹಾಕಿ

ಸುಮ್ಮನೆ ಚಾಲೂ ಇರುವ ಒಂದು ಡೆಸ್ಕ್‌ಟಾಪ್ 50 ವ್ಯಾಟ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 1.2 ಯೂನಿಟ್, ತಿಂಗಳಿಗೆ 36 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 288 ರೂಪಾಯಿ. ಕ್ಲೌಡ್ ಡೆಸ್ಕ್‌ಟಾಪಿಗೆ ತಿಂಗಳಿಗೆ 3,000 ಬಾಡಿಗೆ ಎಂದಿಟ್ಟುಕೊಂಡರೆ ಶೇ 18 ಜಿಎಸ್‌ಟಿ ಸೇರಿ 3,540 ಆಗುತ್ತದೆ.

ವರ್ಷಪೂರ್ತಿ ನೋಡಿದರೆ ಬಾಡಿಗೆಗೆ 42,480 ರೂಪಾಯಿ. ಸ್ವಂತದ್ದಕ್ಕೆ ವಿದ್ಯುತ್ ಸುಮಾರು 3,500, ಯುಪಿಎಸ್ ಬ್ಯಾಟರಿಗೆ ವರ್ಷಕ್ಕೆ ಸಾವಿರ, 45,000ದ ಕಂಪ್ಯೂಟರನ್ನು ಐದು ವರ್ಷಕ್ಕೆ ಹಂಚಿದರೆ 9,000. ಒಟ್ಟು 13,500. ದುಡ್ಡು ಮಾತ್ರ ನೋಡುವುದಾದರೆ ವರ್ಷದ ಲೆಕ್ಕದಲ್ಲಿ ಸ್ವಂತದ್ದೇ ಗೆಲ್ಲುತ್ತದೆ. ಆದರೆ ನಮ್ಮ ಸಲಹೆಗಾರರು ಹೊರಗಿರುವುದು ಒಂದೇ ತಿಂಗಳು. ಅವರ ಮುಂದಿರುವ ಪ್ರಶ್ನೆ 3,540 ಕೊಟ್ಟು ಒಂದು ತಿಂಗಳ ನಿಶ್ಚಿಂತೆ ಕೊಳ್ಳಬೇಕೇ ಎಂಬುದು. ನಿಮ್ಮೂರಿನ ವಿದ್ಯುತ್ ದರ, ನಿಮಗೆ ಸಿಕ್ಕ ಬಾಡಿಗೆ ದರ ಹಾಕಿ ಇದೇ ಲೆಕ್ಕ ಮಾಡಿ ನೋಡಿ.

3. ಸ್ವಂತ ಕಂಪ್ಯೂಟರಾದರೆ ನಿದ್ದೆ ಬಿಡಿಸಿ, ಕರೆಂಟ್ ಹೋಗಿ ಬಂದರೆ ತಾನೇ ಏಳುವಂತೆ ಮಾಡಿ

ದೂರದಿಂದ ಸಂಪರ್ಕ ತಪ್ಪಲು ಬಹಳ ಸಾಮಾನ್ಯವಾದ ಕಾರಣ ಸ್ಲೀಪ್. ಪರದೆ ಕಪ್ಪಾದರೆ ಪರವಾಗಿಲ್ಲ, ಯಂತ್ರ ಮಲಗಬಾರದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಈ ಎರಡು ಸಾಲು ಕೊಟ್ಟರೆ ಸಾಕು:

```
powercfg /change standby-timeout-ac 0
powercfg /change hibernate-timeout-ac 0
```

ಎರಡನೆಯದು ಕರೆಂಟ್. ಹೆಸ್ಕಾಂ ದುರಸ್ತಿಗೆಂದು ಬೆಳಗಿನಿಂದ ಸಂಜೆಯವರೆಗೆ ಲೈನ್ ತೆಗೆದರೆ ಸಣ್ಣ ಯುಪಿಎಸ್ ಕೆಲವೇ ನಿಮಿಷ ತಾಳುತ್ತದೆ. ಹಾಗಾಗಿ ಕಂಪ್ಯೂಟರಿನ ಬಯೋಸ್‌ಗೆ ಹೋಗಿ Restore on AC Power Loss ಅಥವಾ ಅದನ್ನು ಹೋಲುವ ಹೆಸರಿನ ಆಯ್ಕೆಯನ್ನು Power On ಮಾಡಿ. ಕರೆಂಟ್ ಬಂದ ಕೂಡಲೇ ಯಂತ್ರ ತಾನೇ ಶುರುವಾಗುತ್ತದೆ. ಇದಕ್ಕೆ ಒಂದು ಅಡ್ಡಿ ಇದೆ. ಶುರುವಾಗುವಾಗಲೇ ಬಿಟ್‌ಲಾಕರ್ ಪಿನ್ ಕೇಳುವಂತೆ ಇಟ್ಟಿದ್ದರೆ ಯಂತ್ರ ಅಲ್ಲೇ ನಿಂತುಬಿಡುತ್ತದೆ, ದೂರದಿಂದ ಏನೂ ಮಾಡಲಾಗದು.

ರೂಟರಿಗೂ ಬ್ಯಾಕಪ್ ಬೇಕು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಕಂಪ್ಯೂಟರ್ ಯುಪಿಎಸ್ ಮೇಲೆ ನಡೆಯುತ್ತಿದ್ದರೂ ರೂಟರ್ ಆರಿದರೆ ನಿಮ್ಮ ಪಾಲಿಗೆ ಎರಡೂ ಆರಿದಂತೆಯೇ. ರೂಟರಿಗೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಹಾಕಿಸಿ.

4. ರೂಟರಿನಲ್ಲಿ 3389 ತೆರೆಯಬೇಡಿ

ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ 3389 ಎಂಬ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುತ್ತದೆ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಅದನ್ನು ಇಂಟರ್ನೆಟ್ಟಿಗೆ ಬಿಚ್ಚಿಡುವುದು ಹಳೆಯ ಪದ್ಧತಿ. ಪಾಸ್‌ವರ್ಡ್ ಊಹಿಸುತ್ತಲೇ ಇರುವ ತಂತ್ರಾಂಶಗಳು ಹಗಲೂ ರಾತ್ರಿ ಈ ಬಾಗಿಲನ್ನೇ ಹುಡುಕುತ್ತವೆ. 2019ರಲ್ಲಿ ಬ್ಲೂಕೀಪ್ ಎಂಬ ದೋಷ ಹಳೆಯ ವಿಂಡೋಸ್‌ಗಳ ಇದೇ ಸೇವೆಯಲ್ಲಿ ಕಂಡುಬಂದಾಗ, ಅದು ಎಷ್ಟು ಗಂಭೀರವಾಗಿತ್ತೆಂದರೆ ಮೈಕ್ರೋಸಾಫ್ಟ್ ತಾನು ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಪರಿಹಾರ ಕೊಟ್ಟಿತು.

ಅದೂ ಅಲ್ಲದೆ ನಮ್ಮಲ್ಲಿ ಅನೇಕ ಸಂಪರ್ಕಗಳಲ್ಲಿ ಆ ಪದ್ಧತಿ ನಡೆಯುವುದೇ ಇಲ್ಲ. ಕಂಪನಿ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತದೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ. ಕಂಡುಹಿಡಿಯುವುದು ಸುಲಭ. ರೂಟರಿನ ಪುಟದಲ್ಲಿ ವ್ಯಾನ್ ಐಪಿ 100.64ರಿಂದ 100.127ರ ನಡುವೆ ಶುರುವಾಗಿದ್ದರೆ, ಅಥವಾ ವೆಬ್‌ಸೈಟ್ ತೋರಿಸುವ ನಿಮ್ಮ ಐಪಿಗೂ ಅದಕ್ಕೂ ತಾಳೆಯಾಗದಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ.

ಎರಡೂ ತೊಂದರೆಗೆ ಮದ್ದು ಒಂದೇ: ಒಳಗಿನಿಂದ ಹೊರಕ್ಕೆ ಸಂಪರ್ಕ ಕಟ್ಟುವ ಸಾಧನ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್ ಉಚಿತ, ವಿಂಡೋಸ್ ಹೋಮ್ ಆವೃತ್ತಿಯಲ್ಲೂ ನಡೆಯುತ್ತದೆ. ಟೇಲ್‌ಸ್ಕೇಲ್ ಹಾಕಿ ಅದರ ಮೂಲಕ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಬಳಸಬೇಕೆಂದರೆ ಆಫೀಸಿನ ಯಂತ್ರದಲ್ಲಿ ವಿಂಡೋಸ್ ಪ್ರೊ ಇರಬೇಕು. ಹೋಮ್‌ನೊಳಗೆ ಹೊರಗಿನಿಂದ ಹಾಗೆ ಹೋಗಲಾಗದು. ಯಾವುದೇ ಆಗಲಿ, ಖಾತೆಗೆ ಎರಡು ಹಂತದ ಲಾಗಿನ್ ಇಡಿ. ಇನ್ನೂ ವಿಂಡೋಸ್ 10ರಲ್ಲೇ ಇದ್ದರೆ ಅದಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿದಿದೆ ಎಂಬುದನ್ನು ಮರೆಯದೆ ಮೊದಲು ಅದನ್ನು ಸರಿಪಡಿಸಿ.

5. ಡಿಎಸ್‌ಸಿ ಟೋಕನ್ ಎಲ್ಲಿರುತ್ತದೆ ಎಂದು ಮುಂಚೆಯೇ ನಿರ್ಧರಿಸಿ

ಡಿಜಿಟಲ್ ಸಹಿ ಇರುವ ಯುಎಸ್‌ಬಿ ಟೋಕನ್ ಅನೇಕರ ಯೋಜನೆಯನ್ನು ಕೊನೆಯ ದಿನ ಕೆಡಿಸುತ್ತದೆ. ಟೋಕನ್ನನ್ನು ಆಫೀಸಿನ ಕಂಪ್ಯೂಟರಿಗೇ ಚುಚ್ಚಿಟ್ಟು ಹೋಗುತ್ತಾರೆ. ಪುಣೆಯಿಂದ ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ಹೋದರೆ ಸಹಿಯ ತಂತ್ರಾಂಶ ಟೋಕನ್ ಇಲ್ಲ ಎನ್ನುತ್ತದೆ. ಟೋಕನ್ ಕೆಟ್ಟಿಲ್ಲ. ರಿಮೋಟ್ ಡೆಸ್ಕ್‌ಟಾಪ್ ಸ್ಮಾರ್ಟ್ ಕಾರ್ಡುಗಳನ್ನು ಹುಡುಕುವುದು ನೀವು ಕೂತಿರುವ ಲ್ಯಾಪ್‌ಟಾಪಿನಲ್ಲಿ, ಆಫೀಸಿನ ಯಂತ್ರದಲ್ಲಿ ಅಲ್ಲ. ಕ್ರೋಮ್ ರಿಮೋಟ್ ಡೆಸ್ಕ್‌ಟಾಪ್‌ನಂಥವು ಆಫೀಸಿನ ಪರದೆಯನ್ನೇ ಇದ್ದಂತೆ ತೋರಿಸುವುದರಿಂದ ಅಲ್ಲಿ ಚುಚ್ಚಿದ ಟೋಕನ್ ಅವುಗಳಿಗೆ ಕಾಣುತ್ತದೆ.

ಹಾಗೆಂದು ಟೋಕನ್ನನ್ನು ಖಾಲಿ ಆಫೀಸಿನಲ್ಲಿ ಬಿಟ್ಟುಹೋಗುವುದು ಸರಿಯಲ್ಲ. ಸಹಿಯ ಕೀಲಿಯನ್ನು ತನ್ನ ಹತೋಟಿಯಲ್ಲಿ ಇಟ್ಟುಕೊಳ್ಳುವುದು ಸಹಿದಾರರ ಹೊಣೆ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯೇ ಹೇಳುತ್ತದೆ. ಟೋಕನ್ ಜೊತೆಗೆ ಒಯ್ಯಿರಿ. ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್ ಆಗಲಿ ಕ್ಲೌಡ್ ಡೆಸ್ಕ್‌ಟಾಪ್ ಆಗಲಿ, ಟೋಕನ್ನಿನ ಡ್ರೈವರನ್ನು ಲ್ಯಾಪ್‌ಟಾಪಿನಲ್ಲೂ ದೂರದ ಯಂತ್ರದಲ್ಲೂ ಹಾಕಿ, ಸ್ಮಾರ್ಟ್ ಕಾರ್ಡ್ ಹಂಚಿಕೆ ಆನ್ ಮಾಡಿ ಪರೀಕ್ಷಿಸಿ. ಅದು ಒಗ್ಗದಿದ್ದರೆ ಲೆಕ್ಕವನ್ನು ದೂರದ ಯಂತ್ರದಲ್ಲಿ ಮುಗಿಸಿ, ಸಹಿಯನ್ನಷ್ಟೇ ಕೈಯಲ್ಲಿರುವ ಲ್ಯಾಪ್‌ಟಾಪಿನಿಂದ ಹಾಕಿ.

6. ಬಾಡಿಗೆ ಹಿಡಿದರೆ ಸ್ಥಳ, ಅವಧಿ, ಡೇಟಾ ಮೂರನ್ನೂ ಗಟ್ಟಿಮಾಡಿಕೊಳ್ಳಿ

ಸ್ಥಳ: ಖಾತೆ ತೆರೆಯುವಾಗ ಭಾರತದ ಕೇಂದ್ರವನ್ನೇ ಆರಿಸಿ. ಅಮೆಜಾನ್‌ಗೆ ಮುಂಬೈಯಲ್ಲಿ, ಮೈಕ್ರೋಸಾಫ್ಟ್‌ಗೆ ಪುಣೆಯಲ್ಲಿ ಡೇಟಾ ಕೇಂದ್ರಗಳಿವೆ. ಹತ್ತಿರವಾದಷ್ಟೂ ಕೀ ಒತ್ತಿದ್ದು ಪರದೆಯಲ್ಲಿ ಬೇಗ ಮೂಡುತ್ತದೆ. ಅಮೆರಿಕದ ಕೇಂದ್ರ ಆಯ್ದರೆ ಪ್ರತಿ ಅಕ್ಷರವೂ ತಡವಾಗಿ ಬಂದಂತೆ ಅನಿಸಿ ವೋಚರ್ ಹಾಕುವುದು ಹಿಂಸೆಯಾಗುತ್ತದೆ. ನಿಮ್ಮ ಗಿರಾಕಿಗಳಲ್ಲಿ ಕಂಪನಿಗಳಿದ್ದರೆ ಇನ್ನೊಂದು ಕಾರಣವೂ ಇದೆ: ಕಂಪನಿಗಳ ಲೆಕ್ಕಪುಸ್ತಕದ ಬ್ಯಾಕಪ್ ಪ್ರತಿದಿನ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು ಎಂಬ ನಿಯಮ 2022ರಿಂದ ಜಾರಿಯಲ್ಲಿದೆ.

ಅವಧಿ: ವರ್ಕ್‌ಸ್ಪೇಸಸ್‌ನಲ್ಲಿ ಗಂಟೆ ಲೆಕ್ಕದ ಬಾಡಿಗೆಯೂ ಇದೆ. ಬಳಸದಿದ್ದಾಗ ಯಂತ್ರ ತಾನೇ ನಿಲ್ಲುತ್ತದೆ. ದಿನಕ್ಕೆ ಒಂದೆರಡು ಗಂಟೆಯ ಕೆಲಸಕ್ಕೆ ಅದು ಹಗುರ. ಇಡೀ ದಿನ ಕೂರುವವರಿಗೆ ತಿಂಗಳ ಬಾಡಿಗೆಯೇ ಲೇಸು.

ಡೇಟಾ: ಇಲ್ಲಿ ಎರಡು ಅಪಾಯಗಳಿವೆ. ಒಂದು, ಎರಡು ಪುಸ್ತಕಗಳಾಗುವುದು. ನೀವು ಕ್ಲೌಡ್‌ನಲ್ಲಿ ಎಂಟ್ರಿ ಹಾಕುತ್ತಿರುವಾಗ ಆಫೀಸಿನ ಸಹಾಯಕರು ಹಳೆಯ ಡೆಸ್ಕ್‌ಟಾಪಿನಲ್ಲಿ ಹಾಕಿದರೆ ಒಂದೇ ಗಿರಾಕಿಗೆ ಎರಡು ಬೇರೆ ಬೇರೆ ಲೆಕ್ಕ ಹುಟ್ಟುತ್ತದೆ. ಆ ತಿಂಗಳು ಇಬ್ಬರೂ ಕ್ಲೌಡ್ ಪ್ರತಿಯಲ್ಲೇ ಕೆಲಸ ಮಾಡಬೇಕು, ಟ್ಯಾಲಿ ಲೈಸೆನ್ಸ್ ಕೂಡ ಅಲ್ಲಿಗೇ ಹೋಗಬೇಕು. ಎರಡು, ಬಾಡಿಗೆ ನಿಲ್ಲಿಸಿದ ಮೇಲೆ ಡೇಟಾ ಅಳಿಯುವುದು. ವಿಂಡೋಸ್ 365ರಲ್ಲಿ ಲೈಸೆನ್ಸ್ ಮುಗಿದ ಮೇಲೆ ಏಳು ದಿನಗಳ ಗಡುವು ಇರುತ್ತದೆ, ಆಮೇಲೆ ಇಡೀ ಯಂತ್ರವೇ ಇಲ್ಲವಾಗುತ್ತದೆ. ಪ್ರತಿ ಸಂಜೆ ಟ್ಯಾಲಿ ಬ್ಯಾಕಪ್ ತೆಗೆದು ನಿಮ್ಮ ಕೈಯಲ್ಲಿರುವ ಡಿಸ್ಕಿಗೆ ಇಳಿಸಿಕೊಳ್ಳಿ.

7. ಊರು ಬಿಡುವ ಮೊದಲು ಒಂದು ಪೂರ್ತಿ ದಿನ ಮನೆಯಿಂದಲೇ ನಡೆಸಿ ನೋಡಿ

ಆಫೀಸಿಗೆ ಹೋಗದೆ, ಮನೆಯ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಡೀ ದಿನ ಕೆಲಸ ಮಾಡಿ. ಒಂದು ರಿಟರ್ನ್ ಸಿದ್ಧಪಡಿಸಿ, ಒಂದು ಸಹಿ ಹಾಕಿ, ಒಂದು ಪಿಡಿಎಫ್ ಇಳಿಸಿಕೊಳ್ಳಿ. ದೂರದಿಂದಲೇ ರೀಸ್ಟಾರ್ಟ್ ಕೊಟ್ಟು, ಲಾಗಿನ್ ಪರದೆಯವರೆಗೆ ತಾನೇ ಬರುತ್ತದೆಯೇ ನೋಡಿ. ಆಮೇಲೆ ಸಹಾಯಕರಿಗೆ ಫೋನ್ ಮಾಡಿ, ಕಂಪ್ಯೂಟರನ್ನು ಮಾಮೂಲಿನಂತೆ ಶಟ್‌ಡೌನ್ ಮಾಡಿಸಿ, ಮತ್ತೆ ಚಾಲೂ ಮಾಡಲು ಅವರಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಗಮನಿಸಿ. ಇನ್ನೊಮ್ಮೆ ಶಟ್‌ಡೌನ್ ಆದ ಮೇಲೆ ಅದರ ಕರೆಂಟ್ ತೆಗೆಸಿ ಮತ್ತೆ ಹಾಕಿಸಿ, ಯಂತ್ರ ತಾನೇ ಏಳುತ್ತದೆಯೇ ನೋಡಿ.

ಈ ಪರೀಕ್ಷೆಯೇ ತೀರ್ಪು ಕೊಡುತ್ತದೆ. ನಮ್ಮ ಸಲಹೆಗಾರರ ಸಹಾಯಕರು ಹತ್ತು ನಿಮಿಷದಲ್ಲಿ ಎಲ್ಲ ಸರಿಮಾಡಿದರೆ ಪುಣೆಗೆ ಹೋಗುವಾಗ ಸ್ವಂತ ಕಂಪ್ಯೂಟರೇ ಸಾಕು, ಅದಕ್ಕೆ ಹೊಸ ಖರ್ಚು ಯುಪಿಎಸ್ ಮತ್ತು ವಿದ್ಯುತ್ ಮಾತ್ರ. ಫೋನ್ ಎತ್ತುವವರೇ ಸಿಗದಿದ್ದರೆ, ಅಥವಾ ಕರೆಂಟ್ ಬಂದ ಮೇಲೂ ಯಂತ್ರ ಏಳದಿದ್ದರೆ, ಆ ಒಂದು ತಿಂಗಳಿಗೆ ಕ್ಲೌಡ್ ಹಿಡಿಯಲಿ. ಕೈ ಇಲ್ಲದ ಕಡೆ ಬಾಡಿಗೆ ಕೊಡಿ, ಕೈ ಇರುವ ಕಡೆ ಸ್ವಂತದ್ದನ್ನೇ ನಂಬಿ. ಯಾವುದನ್ನೇ ಆರಿಸಿದರೂ 1ನೇ ತಾರೀಖಿಗೇ ತೀರ್ಮಾನಿಸಿ, 19ರ ರಾತ್ರಿ ಅಲ್ಲ.