ಒಂದೇ ಬಿಲ್, ಎರಡು ಮೆಸೇಜ್: ಹಣ ನಿಜಕ್ಕೂ ಎರಡು ಸಲ ಹೋಯಿತೇ?

ಪ್ರಶ್ನೆ: ಶನಿವಾರ ಸಂಜೆ ಸೂಪರ್ ಮಾರ್ಕೆಟ್ ಒಂದರಲ್ಲಿ 1,840 ರೂಪಾಯಿಯ ದಿನಸಿ ತೆಗೆದುಕೊಂಡು ಕ್ರೆಡಿಟ್ ಕಾರ್ಡನ್ನು ಮಷೀನಿಗೆ ತಾಗಿಸಿದೆ. ಬಹಳ ಹೊತ್ತಾದ ಮೇಲೆ ‘ಟೈಮ್ ಔಟ್’ ಎಂದು ಬಂತು. ಕ್ಯಾಷಿಯರ್ ಹುಡುಗ ಮತ್ತೊಮ್ಮೆ ತಾಗಿಸಿ ಎಂದ. ಎರಡನೇ ಸಲ ಸ್ಲಿಪ್ ಬಂತು. ಮನೆಗೆ ಹೋಗಿ ನೋಡಿದರೆ ಎರಡು ನಿಮಿಷದ ಅಂತರದಲ್ಲಿ ಎರಡು ಮೆಸೇಜ್, ಎರಡರಲ್ಲೂ 1,840. ಲಿಮಿಟ್ 3,680 ಕಡಿಮೆಯಾಗಿದೆ. ಬ್ಯಾಂಕಿನವರನ್ನು ಕೇಳಿದರೆ ‘ಪೆಂಡಿಂಗ್ ಇದೆ, ಕಾಯಿರಿ’ ಎನ್ನುತ್ತಾರೆ. ಪಿನ್ ಕೇಳದ ಕಾರ್ಡ್ ಆದ್ದರಿಂದಲೇ ಹೀಗಾಯಿತೇ? ಕಾರ್ಡ್ ಬ್ಲಾಕ್ ಮಾಡಿಸಲೇ?
— ಓದುಗರು, ಹಾಸನ

ಉತ್ತರ: ಬ್ಲಾಕ್ ಮಾಡಿಸಬೇಡಿ. ಅದರಿಂದ ಹಣ ಬೇಗ ವಾಪಸ್ಸಾಗುವುದಿಲ್ಲ, ಹೊಸ ಕಾರ್ಡಿಗೆ ಕಾಯುವ ಕೆಲಸವೊಂದು ಹೆಚ್ಚುತ್ತದೆ ಅಷ್ಟೆ. ನೀವು ಬರೆದಿರುವುದನ್ನು ನೋಡಿದರೆ ಹಣ ಎರಡು ಸಲ ಹೋಗಿರುವ ಸಾಧ್ಯತೆ ಬಹಳ ಕಡಿಮೆ. ಯಾಕೆಂದು ಹೇಳುತ್ತೇನೆ.

ಕಾರ್ಡ್ ತಾಗಿಸಿದ ಗಳಿಗೆಯಲ್ಲಿ ಅಂಗಡಿಯವರಿಗೆ ಹಣ ಹೋಗುವುದಿಲ್ಲ. ಆಗ ನಡೆಯುವುದು ಬರೀ ವಿಚಾರಣೆ. ಮಷೀನು ಅಂಗಡಿಯವರ ಬ್ಯಾಂಕಿಗೆ, ಆ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ‘ಈ ಕಾರ್ಡಿನಲ್ಲಿ 1,840 ಸಿಗುತ್ತದೆಯೇ’ ಎಂದು ಕೇಳುತ್ತದೆ. ನಿಮ್ಮ ಬ್ಯಾಂಕು ಕಾರ್ಡು ಸರಿಯಿದೆಯೇ, ಲಿಮಿಟ್ ಇದೆಯೇ ಎಂದು ನೋಡಿ ಒಪ್ಪಿಗೆ ಕೊಡುತ್ತದೆ, ಜೊತೆಗೆ ಆರು ಅಕ್ಷರದ ಅಪ್ರೂವಲ್ ಕೋಡ್ ಕಳಿಸುತ್ತದೆ. ಒಪ್ಪಿಗೆ ಕೊಟ್ಟ ಕೂಡಲೇ ಅಷ್ಟು ಮೊತ್ತವನ್ನು ನಿಮ್ಮ ಲಿಮಿಟ್‌ನಿಂದ ತೆಗೆದು ಪಕ್ಕಕ್ಕಿಟ್ಟು ನಿಮಗೆ ಮೆಸೇಜ್ ಹಾಕುತ್ತದೆ. ಆ್ಯಪ್‌ನಲ್ಲಿ ಕಾಣುವ ‘ಪೆಂಡಿಂಗ್’ ಎಂದರೆ ಇದೇ.

ಹಣ ಕೈಬದಲಾಗುವುದು ಆಮೇಲೆ. ಅಂಗಡಿಯ ಮಷೀನು ದಿನದ ವ್ಯವಹಾರವನ್ನೆಲ್ಲ ಒಂದು ಬ್ಯಾಚಿನಲ್ಲಿ ಕೂಡಿಟ್ಟಿರುತ್ತದೆ. ರಾತ್ರಿ ಅಂಗಡಿ ಮುಚ್ಚುವಾಗ ಸೆಟಲ್‌ಮೆಂಟ್ ಮಾಡುತ್ತಾರೆ, ಕೆಲವು ಮಷೀನುಗಳಲ್ಲಿ ಅದು ತಾನಾಗಿಯೇ ಆಗುತ್ತದೆ. ಆ ಬ್ಯಾಚಿನಲ್ಲಿರುವುದಕ್ಕೆ ಮಾತ್ರ ಅಂಗಡಿಯವರ ಬ್ಯಾಂಕು ನಿಮ್ಮ ಬ್ಯಾಂಕಿನಿಂದ ಹಣ ವಸೂಲಿ ಮಾಡುತ್ತದೆ. ಒಂದೆರಡು ದಿನದಲ್ಲಿ ಪೆಂಡಿಂಗ್ ಹೋಗಿ ಅದು ನಿಮ್ಮ ಸ್ಟೇಟ್‌ಮೆಂಟಿಗೆ ಸೇರುತ್ತದೆ. ಬಾಕಿ ಎಂದು ನೀವು ಕಟ್ಟಬೇಕಾದದ್ದು ಅದನ್ನು ಮಾತ್ರ.

ಈಗ ನಿಮ್ಮ ಶನಿವಾರಕ್ಕೆ ಬರೋಣ. ಮೊದಲ ಸಲ ತಾಗಿಸಿದಾಗ ಪ್ರಶ್ನೆ ನಿಮ್ಮ ಬ್ಯಾಂಕಿಗೆ ತಲುಪಿದೆ, ಬ್ಯಾಂಕು ಒಪ್ಪಿದೆ, ಮೆಸೇಜೂ ಹಾಕಿದೆ. ಆದರೆ ಆ ಉತ್ತರ ಮಷೀನಿಗೆ ಮರಳುವಷ್ಟರಲ್ಲಿ ನೆಟ್‌ವರ್ಕ್ ಕೈಕೊಟ್ಟಿದೆ. ಉತ್ತರ ಬಾರದ್ದರಿಂದ ಮಷೀನು ಕೈಬಿಟ್ಟಿತು. ಸ್ಲಿಪ್ ಬರಲಿಲ್ಲ, ಬ್ಯಾಚಿಗೂ ಸೇರಲಿಲ್ಲ. ಎರಡನೇ ಸಲದ್ದು ಮಾತ್ರ ಸೇರಿತು. ಹೀಗಾದಾಗ ‘ಹಿಂದಿನದನ್ನು ರದ್ದು ಮಾಡಿ’ ಎಂಬ ರಿವರ್ಸಲ್ ಸಂದೇಶವನ್ನು ಮಷೀನೇ ಕಳಿಸಬೇಕು. ಅದು ಸಲೀಸಾಗಿ ತಲುಪಿದರೆ ನಿಮಿಷಗಳಲ್ಲಿ ಲಿಮಿಟ್ ಸರಿಹೋಗುತ್ತದೆ. ತಲುಪದಿದ್ದರೆ ಬ್ಯಾಂಕು ಯಾರಾದರೂ ಆ ಹಣ ಕೇಳಿಯಾರೆಂದು ಕೆಲವು ದಿನ ಕಾಯುತ್ತದೆ, ಯಾರೂ ಕೇಳದಿದ್ದರೆ ಬಿಟ್ಟುಕೊಡುತ್ತದೆ. ಸಾಮಾನ್ಯವಾಗಿ ಒಂದು ವಾರದ ಆಸುಪಾಸು.

ಲೆಕ್ಕದಲ್ಲಿ ನೋಡಿ. ನಿಮ್ಮ ಲಿಮಿಟ್ 60,000 ಎಂದಿಟ್ಟುಕೊಂಡರೆ, ಬೇರೆ ಖರ್ಚಿಲ್ಲದಿದ್ದಲ್ಲಿ ಶನಿವಾರ ರಾತ್ರಿ ಉಳಿದದ್ದು 56,320. ಮೊದಲನೆಯದು ಬಿಟ್ಟುಹೋದ ದಿನ ಅದು 58,160 ಆಗುತ್ತದೆ. ಹಣ ‘ಜಮೆ’ ಆಯಿತೆಂಬ ಸಾಲು ಸ್ಟೇಟ್‌ಮೆಂಟಿನಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ. ಹೋಗದ ಹಣಕ್ಕೆ ಜಮೆಯ ನಮೂದು ಬೇಕಿಲ್ಲ. ಪೆಂಡಿಂಗ್ ಸಾಲು ಸದ್ದಿಲ್ಲದೆ ಮಾಯವಾಗುತ್ತದೆ. ಅನೇಕರು ಗಾಬರಿಯಾಗುವುದು ಇಲ್ಲೇ.

ನಿಜಕ್ಕೂ ಎರಡು ಸಲ ಕತ್ತರಿಸಿದ್ದರೆ ಹೇಗೆ ತಿಳಿಯುತ್ತದೆ? ಆಗ ಎರಡೂ ಸ್ಟೇಟ್‌ಮೆಂಟಿಗೆ ಸೇರುತ್ತವೆ, ಅಂಗಡಿಯಲ್ಲಿ ಬೇರೆ ಬೇರೆ ಅಪ್ರೂವಲ್ ಕೋಡಿನ ಎರಡು ಸ್ಲಿಪ್‌ಗಳೂ ಇರುತ್ತವೆ. ಮೊದಲನೆಯದು ಆದದ್ದು ಗಮನಿಸದೆ ಕ್ಯಾಷಿಯರ್ ಮತ್ತೆ ಮೊತ್ತ ಒತ್ತಿದರೆ ಹೀಗಾಗುವುದುಂಟು. ಸ್ಲಿಪ್‌ನ ಸಮಯವನ್ನು ಮೆಸೇಜಿನ ಸಮಯದ ಜೊತೆ ಹೋಲಿಸಿ. ಸ್ಲಿಪ್ ಇಲ್ಲದ ಮೆಸೇಜ್ ಯಾವುದೋ ಅದೇ ಅನುಮಾನದ್ದು. ಅದು ಸ್ಟೇಟ್‌ಮೆಂಟಿಗೂ ಸೇರಿಬಿಟ್ಟರೆ ಆಗ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಪೆಂಡಿಂಗ್ ಇರುವಾಗ ಬ್ಯಾಂಕಿನವರು ಕಾಯಿರಿ ಎನ್ನುವುದು ಸಬೂಬಲ್ಲ, ವಸೂಲಿಯೇ ಆಗದ ಹಣಕ್ಕೆ ತಕರಾರು ದಾಖಲಿಸಲು ಬರುವುದಿಲ್ಲ.

ಪಿನ್ ವಿಷಯಕ್ಕೂ ಇದಕ್ಕೂ ಸಂಬಂಧವಿಲ್ಲ. 2021ರ ಜನವರಿಯಿಂದ 5,000 ರೂಪಾಯಿವರೆಗೆ ಪಿನ್ ಇಲ್ಲದೆ ತಾಗಿಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಕಾರ್ಡನ್ನು ಒಂದು ಕ್ಷಣ ಹೆಚ್ಚಿಗೆ ಹಿಡಿದರೆ ಎರಡು ಸಲ ಕತ್ತರಿಸುತ್ತದೆ ಎಂಬ ಭಯವೂ ಬೇಡ. ಒಂದು ವ್ಯವಹಾರ ಮುಗಿದ ಮೇಲೆ ಮೊತ್ತವನ್ನು ಹೊಸದಾಗಿ ಒತ್ತದೆ ಮಷೀನು ಮುಂದಿನದಕ್ಕೆ ಸಿದ್ಧವಾಗುವುದಿಲ್ಲ. ಕಾರ್ಡಿನ ಚಿಪ್ ಕೂಡ ಪ್ರತಿ ವ್ಯವಹಾರಕ್ಕೂ ಒಂದೊಂದು ಸಂಖ್ಯೆ ಏರಿಸುತ್ತಾ ಹೊಸ ಗೂಢಸಂಕೇತ ಕೊಡುತ್ತದೆ, ಹಾಗಾಗಿ ಹಳೆಯದನ್ನೇ ಮತ್ತೆ ಬಳಸಲಾಗದು.

ಪ್ರಶ್ನೆ: ನನ್ನದು ಡೆಬಿಟ್ ಕಾರ್ಡ್. ಲಿಮಿಟ್ ಅಲ್ಲ, ಖಾತೆಯ ಹಣವೇ ಕಡಿಮೆಯಾಗಿದೆ. ಸ್ಲಿಪ್ ಬರಲಿಲ್ಲ. ಇದನ್ನೂ ಪೆಂಡಿಂಗ್ ಎನ್ನುತ್ತೀರಾ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ನಿಮ್ಮ ಕಷ್ಟ ದೊಡ್ಡದು ಸರ್, ಯಾಕೆಂದರೆ ಪಿಂಚಣಿಯ ಹಣವೇ ಸಿಕ್ಕಿಬಿದ್ದಿರುತ್ತದೆ. ನಮ್ಮಲ್ಲಿ ಡೆಬಿಟ್ ಕಾರ್ಡಿಗೆ ಒಪ್ಪಿಗೆ ಸಿಕ್ಕ ಕೂಡಲೇ ಬ್ಯಾಂಕುಗಳು ಸಾಮಾನ್ಯವಾಗಿ ಖಾತೆಯಿಂದಲೇ ಕಳೆಯುತ್ತವೆ. ಆದ್ದರಿಂದ ವಾಪಸ್ ಬಂದಾಗ ಪಾಸ್‌ಬುಕ್ಕಿನಲ್ಲಿ ಜಮೆಯ ಸಾಲು ಕಾಣಬೇಕು. ಇಂಥದ್ದಕ್ಕೆಂದೇ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರಿನಲ್ಲಿ ನಿಯಮ ಮಾಡಿದೆ. ಖಾತೆಯಿಂದ ಹಣ ಹೋಗಿ ಅಂಗಡಿಯಲ್ಲಿ ಸ್ಲಿಪ್ ಬಾರದಿದ್ದರೆ, ವ್ಯವಹಾರ ನಡೆದ ದಿನದಿಂದ ಐದು ದಿನದೊಳಗೆ ಹಣ ತಾನಾಗಿಯೇ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದನ್ನೂ ನೀವು ಕೇಳದೆಯೇ ಕೊಡಬೇಕು. ಐದು ದಿನ ಕಳೆದ ಮೇಲೆ ಶಾಖೆಗೆ ಬರಹದಲ್ಲಿ ದೂರು ಕೊಟ್ಟು ನೋಂದಣಿ ಸಂಖ್ಯೆ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ cms.rbi.org.in ತಾಣದಲ್ಲಿ ಒಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ಶುಲ್ಕವಿಲ್ಲ.

ಪ್ರಶ್ನೆ: ನಾನು ಬಟ್ಟೆ ಅಂಗಡಿ ಇಟ್ಟಿದ್ದೇನೆ. ಗಿರಾಕಿಯೊಬ್ಬರು ಮೆಸೇಜ್ ತೋರಿಸಿ ‘ಎರಡು ಸಲ ಹೋಗಿದೆ, ಒಂದನ್ನು ಕ್ಯಾಷಾಗಿ ಕೊಡಿ’ ಎಂದು ಜಗಳಕ್ಕೆ ನಿಂತರು. ಕೊಡಬೇಕಿತ್ತೇ?
— ವ್ಯಾಪಾರಿ, ದಾವಣಗೆರೆ

ಉತ್ತರ: ಬೇಡ. ಗಿರಾಕಿ ಸುಳ್ಳು ಹೇಳುತ್ತಿಲ್ಲ, ಆದರೆ ಅವರ ಮೆಸೇಜು ನಿಮಗೆ ಹಣ ಬಂತೆಂಬುದಕ್ಕೆ ಸಾಕ್ಷಿಯಲ್ಲ. ನೀವು ಕ್ಯಾಷ್ ಕೊಟ್ಟು, ಮರುದಿನ ಬ್ಯಾಂಕೂ ರಿವರ್ಸಲ್ ಮಾಡಿದರೆ ನಷ್ಟ ನಿಮ್ಮದೇ. ಗಿರಾಕಿಯ ಎದುರಿಗೇ ಮಷೀನಿನಲ್ಲಿ ಆ ದಿನದ ವಿವರವಾದ ರಿಪೋರ್ಟ್ ತೆಗೆಯಿರಿ. ಆ ಮೊತ್ತ ಒಮ್ಮೆ ಮಾತ್ರ ಇದ್ದರೆ ಆ ಕಾಗದದ ನಕಲನ್ನು ಅವರ ಕೈಗೆ ಕೊಡಿ, ಬ್ಯಾಂಕಿನಲ್ಲಿ ಅವರಿಗೆ ಉಪಯೋಗಕ್ಕೆ ಬರುತ್ತದೆ. ಎರಡು ಸಲ ಇದ್ದರೆ ತಪ್ಪು ನಿಮ್ಮ ಕಡೆಯದು. ಸೆಟಲ್‌ಮೆಂಟ್ ಆಗುವ ಮುನ್ನವೇ ಎರಡನೆಯದನ್ನು ‘ವಾಯ್ಡ್’ ಮಾಡಿ, ಆ ಸ್ಲಿಪ್ ಕೊಡಿ. ಸೆಟಲ್‌ಮೆಂಟ್ ಆಗಿಹೋಗಿದ್ದರೆ ವಾಯ್ಡ್ ನಡೆಯದು, ಅದೇ ಕಾರ್ಡಿಗೆ ರೀಫಂಡ್ ಮಾಡಬೇಕು, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ‘ಟೈಮ್ ಔಟ್’ ಬಂದಾಗ ಗಿರಾಕಿಗೆ ಮತ್ತೆ ತಾಗಿಸಲು ಹೇಳುವ ಮೊದಲು ಮಷೀನಿನಲ್ಲಿ ಹಿಂದಿನ ವ್ಯವಹಾರದ ಸ್ಥಿತಿ ನೋಡುವಂತೆ ನಿಮ್ಮ ಹುಡುಗರಿಗೆ ಇವತ್ತೇ ಹೇಳಿಕೊಡಿ.