ಕೆಲಸ ಬಿಟ್ಟದ್ದೋ, ಬಿಡಿಸಿದ್ದೋ?

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಗಾರ್ಮೆಂಟ್ ಕಾರ್ಖಾನೆಯೊಂದರ ಮುಂದೆ ಹೆಣ್ಣುಮಕ್ಕಳು ಧರಣಿ ಕೂತರು. ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಇಸಿಸಿ-2 ಘಟಕ ಅದು. ಸುಮಾರು 1,200 ಕಾರ್ಮಿಕರಿಗೆ ಕಂಪನಿ ಒಮ್ಮೆಗೇ ಲೇಆಫ್ ಘೋಷಿಸಿತ್ತು. ಕೋವಿಡ್‌ನಿಂದ ಆರ್ಡರ್ ನಿಂತಿದೆ ಎಂಬುದು ಕಂಪನಿ ಕೊಟ್ಟ ಕಾರಣ. ಸರ್ಕಾರದ ಪೂರ್ವಾನುಮತಿ ಪಡೆಯದೆ ಇಷ್ಟು ಜನರನ್ನು ಹೊರಗಿಡುವಂತಿಲ್ಲ, ಘಟಕದಲ್ಲಿ ಸಂಘ ಕಟ್ಟಿದ್ದಕ್ಕೇ ಈ ಶಿಕ್ಷೆ ಎಂಬುದು ಗಾರ್ಮೆಂಟ್ ಮತ್ತು ಜವಳಿ ಕಾರ್ಮಿಕರ ಸಂಘದ ವಾದ. ಧರಣಿ ವಾರಗಟ್ಟಲೆ ನಡೆಯಿತು. ನಡುವೆ ಅನೇಕರು ರಾಜೀನಾಮೆ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡರು. ಕೊನೆಗೆ 2021ರ ಫೆಬ್ರವರಿಯಲ್ಲಿ ಸಂಘವೂ ಕಂಪನಿಯೂ ಒಪ್ಪಂದಕ್ಕೆ ಬಂದವು, ಕೆಲಸ ಕಳೆದುಕೊಂಡವರನ್ನು ಮತ್ತೆ ಸೇರಿಸಿಕೊಳ್ಳುವ ಭರವಸೆ ಸಿಕ್ಕಿತು.

ಧರಣಿಯ ಸುದ್ದಿ ದೂರದೂರಕ್ಕೆ ಹೋಯಿತು. ಆದರೆ ಆ ಎಂಟು ತಿಂಗಳಲ್ಲಿ ಬೇರೆ ಕಡೆ ಕೆಲಸ ಹುಡುಕಿದವರ ಬಯೋಡೇಟಾದಲ್ಲಿ ಏನು ಬರೆದಿತ್ತು? ‘ರಾಜೀನಾಮೆ’ ಎಂದೋ, ‘ಲೇಆಫ್’ ಎಂದೋ, ‘ವೈಯಕ್ತಿಕ ಕಾರಣ’ ಎಂದೋ? ಯಾರೂ ಗಮನಿಸದ ಈ ಸಾಲಿಗೆ ಕಾನೂನಿನಲ್ಲಿ ಬೆಲೆಯಿದೆ, ಕೆಲವೊಮ್ಮೆ ರೂಪಾಯಿ ಲೆಕ್ಕದಲ್ಲೇ.

ಇಲ್ಲಿ ಎರಡು ಬರಹಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು, ಹೊರಡುವಾಗ ಕಂಪನಿಗೆ ಸಹಿ ಹಾಕಿಕೊಡುವ ಕಾಗದ. ಇನ್ನೊಂದು, ಮುಂದಿನ ಕಂಪನಿ ನೋಡಲೆಂದು ತಾವೇ ಬರೆದುಕೊಳ್ಳುವ ಪ್ರೊಫೈಲ್. ಪ್ರೊಫೈಲಿನಲ್ಲಿ ಜಗಳದ ಮಾತು ಬೇಡ, ತಟಸ್ಥವಾಗಿರಲಿ ಎಂಬ ಸಲಹೆ ಸರಿಯಾದದ್ದೇ. ಅದೇ ಸಲಹೆಯನ್ನು ಸಹಿಯ ಕಾಗದಕ್ಕೂ ಅನ್ವಯಿಸಿದಾಗ ನಷ್ಟ ಶುರುವಾಗುತ್ತದೆ. ‘ವಜಾ ಅಂತ ಬರೆದರೆ ನಿಮ್ಮ ಹೆಸರೇ ಕೆಡುತ್ತದೆ, ಸುಮ್ಮನೆ ರಾಜೀನಾಮೆ ಬರೆದುಕೊಡಿ’ ಎನ್ನುವ ಎಚ್‌ಆರ್ ಮಾತು ಹಿತವಾಗಿಯೇ ಕೇಳುತ್ತದೆ. ಅದರ ಬೆಲೆ ಎಷ್ಟೆಂದು ಮಾತ್ರ ಅಲ್ಲಿ ಯಾರೂ ಹೇಳುವುದಿಲ್ಲ.

ಕೆ.ಆರ್. ಪೇಟೆ ಕಡೆಯ ಒಬ್ಬ ಟೈಲರ್ ಎಂದು ಇಟ್ಟುಕೊಳ್ಳೋಣ. ಆಕೆಗೆ ತಿಂಗಳ ವೇತನ ₹12,000, ಆರು ವರ್ಷ ಪೂರ್ಣ ಸೇವೆ. ಆರ್ಡರ್ ಇಲ್ಲವೆಂದು ಕಂಪನಿಯೇ ಕೆಲಸದಿಂದ ತೆಗೆದರೆ ಅದು ಕಾನೂನಿನ ಭಾಷೆಯಲ್ಲಿ ರಿಟ್ರೆಂಚ್‌ಮೆಂಟ್. ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ₹12,000 ಕೊಡಬೇಕು. ಪ್ರತಿ ವರ್ಷದ ಸೇವೆಗೆ 15 ದಿನದ ವೇತನದಂತೆ ಪರಿಹಾರ ₹36,000. ಗ್ರಾಚ್ಯುಟಿ ಬೇರೆ: ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದಲೂ ಆರು ವರ್ಷದಿಂದಲೂ ಗುಣಿಸಿದರೆ ಸುಮಾರು ₹41,500. ಈಕೆ ‘ಸ್ವಂತ ಇಚ್ಛೆಯಿಂದ’ ಎಂದು ಬರೆದು ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಉಳಿಯುತ್ತದೆ, ಐದು ವರ್ಷ ದಾಟಿದೆಯಲ್ಲ. ನೋಟಿಸಿನ ಹಣವೂ ಪರಿಹಾರವೂ ಸೇರಿ ₹48,000 ಮಾತ್ರ ಹೋಯಿತು. ತೆಗೆದುಹಾಕಿದ್ದೇ ತಪ್ಪು ಎಂದು ಮುಂದೆ ಪ್ರಶ್ನಿಸುವ ದಾರಿಯೂ ಬಹುಪಾಲು ಮುಚ್ಚಿತು. ‘ತೆಗೆದೇ ಇಲ್ಲ, ಅವರೇ ಬಿಟ್ಟರು’ ಎನ್ನಲು ಕಂಪನಿಯ ಕೈಯಲ್ಲಿ ಆಕೆಯದೇ ಸಹಿ ಇರುತ್ತದೆ.

ಹಾಗಾದರೆ ಸಹಿ ಕೇಳಿದಾಗ ಏನು ಮಾಡಬೇಕು? ಕಾಗದವನ್ನು ಮನೆಗೆ ಒಯ್ದು ಓದಿಸಿಕೊಂಡು ಬರುತ್ತೇನೆ ಎನ್ನುವ ಹಕ್ಕು ಎಲ್ಲರಿಗೂ ಇದೆ. ಬಾಕಿ ಹಣ ಪಡೆದದ್ದಕ್ಕೆ ಸಹಿ ಹಾಕಲೇಬೇಕಾದರೆ ಅದರ ಪಕ್ಕದಲ್ಲೇ ‘ಆಕ್ಷೇಪಣೆಯೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಕೈಬರಹದಲ್ಲಿ ಸೇರಿಸಬಹುದು. ಒತ್ತಡಕ್ಕೆ ಮಣಿದು ರಾಜೀನಾಮೆ ಕೊಟ್ಟಾಗಿದ್ದರೆ ತಡಮಾಡಬಾರದು. ಯಾವ ದಿನ, ಯಾರು, ಏನು ಹೇಳಿ ಬರೆಸಿಕೊಂಡರು ಎಂಬುದನ್ನು ತಿಳಿಸಿ, ರಾಜೀನಾಮೆ ಹಿಂಪಡೆಯುತ್ತಿದ್ದೇನೆ ಎಂಬ ಪತ್ರವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಂಪನಿಗೆ ಕಳಿಸಿ, ಪ್ರತಿಯನ್ನು ಕಾರ್ಮಿಕ ಅಧಿಕಾರಿಗೆ ಕೊಡಬೇಕು. ಎರಡನೇ ದಿನ ಹೋದ ಪತ್ರವನ್ನು ನಂಬಿದಷ್ಟು ಸುಲಭವಾಗಿ ಆರು ತಿಂಗಳ ನಂತರದ ಪತ್ರವನ್ನು ಯಾವ ನ್ಯಾಯಾಲಯವೂ ನಂಬುವುದಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ವಜಾ ಆಗಲಿ, ರಾಜೀನಾಮೆ ಆಗಲಿ, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ಲೇಆಫ್‌ಗೆ ಸರ್ಕಾರದ ಅನುಮತಿ ಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಶ್ರೀರಂಗಪಟ್ಟಣದ ಆ ಘಟಕದಷ್ಟು ದೊಡ್ಡದಾದರೆ ಇಂದಿಗೂ ಅನುಮತಿ ಬೇಕು, 150 ಜನರ ಘಟಕವಾದರೆ ಬೇಡ. ವಜಾ ಪ್ರಶ್ನಿಸುವವರು ಎರಡು ವರ್ಷದೊಳಗೆ ಸಂಧಾನಾಧಿಕಾರಿಯ ಮುಂದೆ ಹೋಗಬೇಕು. ಸಂಧಾನ ಮುರಿದರೆ ಅವರ ವರದಿ ಕೈಸೇರಿದ 90 ದಿನದೊಳಗೆ ನ್ಯಾಯಮಂಡಳಿಗೆ ನೇರ ಅರ್ಜಿ. ಮ್ಯಾನೇಜರ್ ದರ್ಜೆಯವರಿಗೂ, ₹18,000 ಮೀರಿ ಸಂಬಳವಿರುವ ಮೇಲ್ವಿಚಾರಕರಿಗೂ ಈ ದಾರಿ ಇಲ್ಲ.

ಇನ್ನು ಪ್ರೊಫೈಲ್. ಬಯೋಡೇಟಾದಲ್ಲಾಗಲಿ, ಉದ್ಯೋಗ ತಾಣದ ಪುಟದಲ್ಲಾಗಲಿ ಕೆಲಸ ಬಿಟ್ಟ ಕಾರಣವನ್ನು ಬರೆಯಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹುದ್ದೆ, ಕಂಪನಿ, ಸೇರಿದ ತಿಂಗಳು, ಬಿಟ್ಟ ತಿಂಗಳು, ಮಾಡುತ್ತಿದ್ದ ಕೆಲಸ ಇಷ್ಟಿದ್ದರೆ ಸಾಕು. ಕಾರಣ ಕೇಳಿದಾಗ ‘ಘಟಕದಲ್ಲಿ ಉತ್ಪಾದನೆ ನಿಂತಿದ್ದರಿಂದ ಉದ್ಯೋಗ ಕೊನೆಗೊಂಡಿತು’ ಎಂದರೆ ಅದು ತಟಸ್ಥವೂ ಹೌದು, ನಿಜವೂ ಹೌದು. ವ್ಯಾಜ್ಯ ನಡೆಯುತ್ತಿದ್ದರೆ ‘ಉದ್ಯೋಗ ಜೂನ್‌ನಲ್ಲಿ ಕೊನೆಗೊಂಡಿತು, ವಿಷಯ ಕಾರ್ಮಿಕ ಇಲಾಖೆಯ ಮುಂದಿದೆ’ ಎಂದರೆ ಸಾಕು. ಪಾಂಡವಪುರದಂಥ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮಿಗಷ್ಟೇ ದುಡಿದವರು ಹಾಗೆಂದೇ ಬರೆದುಕೊಳ್ಳಲಿ. ಹಂಗಾಮು ಮುಗಿದದ್ದಕ್ಕೆ ಬೇರೆ ಕಾರಣ ಹುಡುಕುವ ಕೆಲಸವಿಲ್ಲ.

ವಜಾ ಆದವರು ‘ವೈಯಕ್ತಿಕ ಕಾರಣಕ್ಕೆ ಬಿಟ್ಟೆ’ ಎಂದು ಬರೆದರೆ ಅದು ತಟಸ್ಥವಲ್ಲ, ಸುಳ್ಳು. ಅದು ತಿರುಗಿ ಬೀಳುವುದು ನ್ಯಾಯಮಂಡಳಿಯ ಪಾಟೀಸವಾಲಿನಲ್ಲಿ. ಕಂಪನಿಯ ವಕೀಲರು ಅದೇ ಪುಟದ ಪ್ರಿಂಟ್ ತೆಗೆದು ‘ಬಿಟ್ಟದ್ದು ನೀವೇ ಅಂತ ನೀವೇ ಬರೆದಿದ್ದೀರಲ್ಲ?’ ಎಂದು ಕೇಳುತ್ತಾರೆ. ಇನ್ನೊಂದು ಸೂಕ್ಷ್ಮವೂ ಇದೆ. ಕೆಲಸಕ್ಕೆ ವಾಪಸ್ ಬೇಕು, ಹಿಂಬಾಕಿ ವೇತನವೂ ಬೇಕು ಎಂದು ಕೇಳುವವರು ತಾವು ಬೇರೆಲ್ಲೂ ಅಷ್ಟೇ ಆದಾಯದ ಕೆಲಸದಲ್ಲಿರಲಿಲ್ಲ ಎಂದು ಮೊದಲು ಹೇಳಬೇಕು. ಆಮೇಲೆ ಅದನ್ನು ಅಲ್ಲಗಳೆಯುವ ಹೊಣೆ ಮಾಲೀಕರದು ಎಂದು ದೀಪಾಲಿ ಗುಂಡು ಸುರ್ವಾಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಸ್ಪಷ್ಟಪಡಿಸಿದೆ. ಖಾಲಿ ಕೂತಂತೆ ಕಾಣಬಾರದೆಂಬ ಸಂಕೋಚಕ್ಕೆ ‘ಸ್ವಂತ ಟೈಲರಿಂಗ್ ಉದ್ಯಮ, ಮಾಲೀಕರು’ ಎಂದು ಬರೆದುಕೊಂಡ ಹೆಣ್ಣುಮಗಳು ಮಾಲೀಕರಿಗೆ ಬೇಕಾದ ಸಾಕ್ಷ್ಯವನ್ನು ತಾನೇ ಒದಗಿಸಿದಂತೆ. ತಿಂಗಳಿಗೆ ನಾಲ್ಕು ರವಿಕೆ ಹೊಲಿದದ್ದನ್ನು ಉದ್ಯಮ ಎನ್ನಬೇಕಾಗಿಲ್ಲ. ಹಾಗೆಯೇ ಹಳೆಯ ಕಂಪನಿಯ ಬಗ್ಗೆ ‘ಮೋಸಗಾರರು’ ಎಂದು ಸಾರ್ವಜನಿಕವಾಗಿ ಬರೆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಮಾನನಷ್ಟ ದೂರಿಗೆ ದಾರಿಯಾಗಬಹುದು.

ಕೆಲಸವನ್ನೇ ಮುಚ್ಚಿಟ್ಟರೆ? ನಾಗಮಂಗಲದಿಂದ ಬೆಂಗಳೂರಿಗೆ ಹೋಗಿ ಎರಡು ವರ್ಷ ದುಡಿದು, ಜಗಳವಾಡಿಕೊಂಡು ಬಂದ ಹುಡುಗ ಆ ಕಂಪನಿಯ ಹೆಸರನ್ನೇ ಅಳಿಸಿಬಿಡೋಣ ಎಂದುಕೊಳ್ಳುವುದು ಸಹಜ. ಆದರೆ ಪಿಎಫ್ ಖಾತೆಯ Service History ಪುಟದಲ್ಲಿ ಕಂಪನಿಯ ಹೆಸರೂ ಸೇರಿದ, ಬಿಟ್ಟ ದಿನಾಂಕಗಳೂ ಕೂತಿರುತ್ತವೆ. ಹೊಸ ಕಂಪನಿಗಳು ಕೇಳುವುದು ಅದನ್ನೇ. ಬಿಟ್ಟ ಕಾರಣದ ವಿಷಯದಲ್ಲಿ ಮಾತ್ರ ಪಿಎಫ್ ದಾಖಲೆ ಉದಾರಿ. ಅಲ್ಲಿರುವ ಆಯ್ಕೆಗಳು ನಿವೃತ್ತಿ, ಮರಣ, ಶಾಶ್ವತ ಅಂಗವೈಕಲ್ಯ, ಸೇವೆ ಕೊನೆಗೊಂಡದ್ದು ಇಂಥವು, ‘ವಜಾ’ ಎಂಬ ಆಯ್ಕೆಯಿಲ್ಲ. ಜಗಳವಾದ ಕಂಪನಿ ಬಿಟ್ಟ ದಿನಾಂಕ ಹಾಕದೆ ಸತಾಯಿಸಿದರೆ, ಕೊನೆಯ ವಂತಿಗೆಯ ಎರಡು ತಿಂಗಳ ನಂತರ ಸದಸ್ಯರೇ Manage ಅಡಿಯ Mark Exitನಲ್ಲಿ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಹಾಕಿ ದಿನಾಂಕ ನಮೂದಿಸಬಹುದು. ಪ್ರೊಫೈಲಿನ ತಿಂಗಳು ಇದಕ್ಕೆ ತಾಳೆಯಾಗುತ್ತಿರಬೇಕು.

ತಟಸ್ಥ ಮಾತಿಗೂ ಒಂದು ಗಡಿಯಿದೆ. ಅರ್ಜಿಯಲ್ಲಿ ‘ಹಿಂದೆಂದಾದರೂ ವಜಾ ಆಗಿದ್ದೀರಾ?’ ಎಂದು ನೇರವಾಗಿ ಕೇಳಿದ್ದರೆ ಹೌದು ಎಂದೇ ಬರೆಯಬೇಕು, ಪ್ರಶ್ನಿಸಿದ್ದರೆ ಅದನ್ನೂ ಸೇರಿಸಬಹುದು. ಸರ್ಕಾರಿ ನೌಕರಿಯ ದೃಢೀಕರಣ ಪತ್ರದಲ್ಲಂತೂ ಇದು ಗಂಭೀರ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ವಿಚಾರ ಮಾಡಿದ್ದು ಕ್ರಿಮಿನಲ್ ಪ್ರಕರಣ ಮುಚ್ಚಿಟ್ಟವರ ಬಗ್ಗೆ. ಆದರೂ ಕೇಳಿದ್ದಕ್ಕೆ ಕೊಡುವ ಮಾಹಿತಿ ನಿಜವಾಗಿರಬೇಕು, ಮುಚ್ಚಿಟ್ಟದ್ದು ಬಯಲಾದರೆ ನೇಮಕಾತಿ ರದ್ದಾಗಬಹುದು ಎಂಬ ಅದರ ತತ್ತ್ವ ಇಲ್ಲಿಗೂ ಹೊಂದುತ್ತದೆ.

ಕಂಪನಿಯ ಬಾಯಿಂದಲೂ ತಟಸ್ಥ ಮಾತೇ ಬರುವಂತೆ ಮಾಡಲು ಸೂಕ್ತ ಜಾಗ ಸಂಧಾನದ ಮೇಜು. ರಾಜಿಯಾಗುವಾಗ ಬಹುತೇಕರು ಹಣದ ಮೊತ್ತವೊಂದನ್ನೇ ನೋಡಿ ಎದ್ದುಬರುತ್ತಾರೆ. ಒಪ್ಪಂದ ಪತ್ರದಲ್ಲಿ ಇನ್ನೆರಡು ಸಾಲು ಬರೆಸಿಕೊಳ್ಳುವುದು ಲೇಸು. ಸೇವಾ ಪ್ರಮಾಣಪತ್ರದಲ್ಲಿ ಹುದ್ದೆ ಮತ್ತು ಅವಧಿ ಬಿಟ್ಟು ಪ್ರತಿಕೂಲ ಮಾತು ಇರಕೂಡದು ಎಂಬುದು ಒಂದು. ಹೊಸ ಕಂಪನಿ ವಿಚಾರಿಸಿದಾಗ ಎಚ್‌ಆರ್ ಅಷ್ಟನ್ನೇ ಹೇಳಬೇಕು ಎಂಬುದು ಇನ್ನೊಂದು. ‘ಇವರನ್ನು ಮತ್ತೆ ತೆಗೆದುಕೊಳ್ಳುತ್ತೀರಾ?’ ಎಂಬ ಪ್ರಶ್ನೆಗೆ ಕೊಡುವ ಉತ್ತರವನ್ನೂ ಇದರಲ್ಲೇ ಹೆಸರಿಸಿ ಸೇರಿಸಬೇಕು. ಎಷ್ಟೋ ಕೆಲಸಗಳು ತಪ್ಪುವುದು ಫೋನಿನಲ್ಲಿ ಬರುವ ಆ ಒಂದು ‘ಇಲ್ಲ’ದಿಂದ.

ಸೇವಾ ಪ್ರಮಾಣಪತ್ರ ಕಂಪನಿ ಮಾಡುವ ಉಪಕಾರವಲ್ಲ. ವಜಾ ಆದ ಖಾಯಂ ಕಾರ್ಮಿಕರಿಗೂ ಅದು ಸಲ್ಲಬೇಕೆಂದು 1946ರ ಮಾದರಿ ಸ್ಥಾಯಿ ಆದೇಶಗಳಲ್ಲೇ ಇತ್ತು. ಕೊಡದಿದ್ದರೆ ಲಿಖಿತವಾಗಿ ಕೇಳಿ, ಕೇಳಿದ ಪ್ರತಿಯನ್ನು ಇಟ್ಟುಕೊಂಡು ಕಾರ್ಮಿಕ ಅಧಿಕಾರಿಯ ಬಳಿ ಹೋಗಬಹುದು. ವಕೀಲರ ಖರ್ಚಿಗೆ ಹೆದರುವವರು ತಮ್ಮ ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರಿಗೆ ಅರ್ಹರು. ದೂರವಾಣಿ 15100, ಕರೆಗೆ ಶುಲ್ಕವಿಲ್ಲ. ಹೋಗುವಾಗ ನೇಮಕಾತಿ ಪತ್ರ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ಕಿನ ಪ್ರತಿ, ಸಹಿ ಹಾಕಿಕೊಟ್ಟ ಕಾಗದದ ಫೋಟೊ ಜೊತೆಗಿರಲಿ. ಫೋಟೊ ಇಲ್ಲದವರು ತಾವು ಸಹಿ ಹಾಕಿದ ಕಾಗದದ ನಕಲು ಕೊಡಿ ಎಂದು ಕಂಪನಿಗೆ ಅಂಚೆಯಲ್ಲಿ ಪತ್ರ ಬರೆದು, ಆ ರಸೀದಿಯನ್ನು ಹಿಡಿದು ಹೋದರೂ ನಡೆಯುತ್ತದೆ.