ಬ್ಯಾಲೆನ್ಸ್ ಟ್ರಾನ್ಸ್‌ಫರ್: ಹೂಂ ಅನ್ನುವ ಮುನ್ನ ಐದು ಸೂತ್ರ

“ಬೇರೆ ಬ್ಯಾಂಕಿನ ಕಾರ್ಡಿನ ಬಾಕಿಯನ್ನು ನಮ್ಮ ಕಾರ್ಡಿಗೆ ವರ್ಗಾಯಿಸಿಕೊಳ್ಳಿ ಸಾರ್, ಮೂರು ತಿಂಗಳು ಬಡ್ಡಿಯೇ ಇಲ್ಲ.” ಇಂಥ ಕರೆ ಬಂದಾಗ ಪೆನ್ನು, ಕಾಗದ ತೆಗೆದುಕೊಂಡು ಕೂತುಬಿಡಿ. ಬಾಕಿ 60,000 ರೂಪಾಯಿ, ಹಳೇ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5, ಹೊಸ ಬ್ಯಾಂಕಿನ ಪ್ರೊಸೆಸಿಂಗ್ ಫೀ ಶೇ 2 ಎಂದಿಟ್ಟುಕೊಂಡು ಲೆಕ್ಕ ಹಾಕೋಣ.

1. ಫೀಯನ್ನು ದಿನಗಳ ಲೆಕ್ಕಕ್ಕೆ ಇಳಿಸಿ.
ಕ್ರೆಡಿಟ್ ಕಾರ್ಡಿನ ಬಡ್ಡಿಗೂ ಫೀಗೂ ಶೇ 18ರಷ್ಟು ಜಿಎಸ್‌ಟಿ ಇದೆ. ಹಾಗಾಗಿ ಹಳೇ ಕಾರ್ಡಿನಲ್ಲಿ ಒಂದು ತಿಂಗಳಿಗೆ 2,100 ಬಡ್ಡಿ, 378 ತೆರಿಗೆ, ಒಟ್ಟು 2,478 ರೂಪಾಯಿ. ಹೊಸ ಕಾರ್ಡಿನ ಫೀ 1,200, ತೆರಿಗೆ 216, ಒಟ್ಟು 1,416. ಅಂದರೆ ಹಳೇ ಕಾರ್ಡಿನ ಸುಮಾರು 17 ದಿನದ ಬಡ್ಡಿಗೆ ಈ ಫೀ ಸಮ. ಇನ್ನೆರಡು ವಾರದಲ್ಲಿ ಬೋನಸ್ ಬಂದು ಪೂರ್ತಿ ಬಾಕಿ ತೀರಿಸುವವರಿಗೆ ಈ ಆಫರ್ ನಷ್ಟದ ಬಾಬತ್ತು. ಮೂರು ತಿಂಗಳು ಬೇಕಾಗುವವರಿಗೆ ಲಾಭ ಇದ್ದೇ ಇದೆ: ತಿಂಗಳಿಗೆ 20,000ದಂತೆ ಅಸಲು ತೀರಿಸಿದರೆ ಹಳೇ ಕಾರ್ಡಿನಲ್ಲಿ ಬಡ್ಡಿ, ತೆರಿಗೆ ಸೇರಿ 4,956 ಆಗುತ್ತಿತ್ತು, ಇಲ್ಲಿ ಬರೀ 1,416. ಉಳಿತಾಯ 3,540.

ಬಾಕಿ ಚಿಕ್ಕದಾಗಿದ್ದರೆ “ಕನಿಷ್ಠ ಫೀ ಎಷ್ಟು?” ಎಂದು ಕೇಳಿ. ಐದು ಸಾವಿರದ ಬಾಕಿಗೆ ಶೇಕಡಾವಾರು ಫೀಗಿಂತ ಈ ಕನಿಷ್ಠ ಮೊತ್ತವೇ ದೊಡ್ಡದಾಗಿ ಕೂತುಬಿಡಬಹುದು.

2. ಆಫರ್ ಮುಗಿಯುವ ದಿನ ಎಷ್ಟು ಬಾಕಿ ಇರುತ್ತದೆ ಎಂದು ಇವತ್ತೇ ಬರೆದಿಡಿ.
ಮಿನಿಮಮ್ ಡ್ಯೂ ಮಾತ್ರ, ಅಂದರೆ ತಿಂಗಳಿಗೆ ಮೂರು ಸಾವಿರದಂತೆ ಅಸಲು ಕಟ್ಟುತ್ತಾ ಹೋದರೆ ಮೂರು ತಿಂಗಳ ನಂತರವೂ 51,000 ಉಳಿದಿರುತ್ತದೆ. ನಾಲ್ಕನೇ ತಿಂಗಳಿಂದ ಮಾಮೂಲಿ ದರ ಶುರು, ತಿಂಗಳಿಗೆ ಎರಡು ಸಾವಿರದ ಮೇಲೆ. ಆ ಮೂರು ತಿಂಗಳಲ್ಲಿ ಉಳಿದದ್ದು ಸುಳ್ಳಲ್ಲ, ಆದರೆ ಸಾಲ ಇದ್ದಲ್ಲೇ ಇದೆ. ಅವಧಿ ಎಣಿಸುವುದು ಹಣ ವರ್ಗವಾದ ದಿನದಿಂದಲೋ ಬಿಲ್ಲಿನ ದಿನದಿಂದಲೋ, ಒಂದು ಕಂತು ತಡವಾದರೆ ಆಫರ್ ದರ ರದ್ದಾಗುತ್ತದೋ ಎಂಬುದನ್ನು ಫೋನಿನ ಮಾತಿನಲ್ಲಲ್ಲ, ಇಮೇಲ್‌ನಲ್ಲಿ ಕೇಳಿ ಪಡೆಯಿರಿ.

3. ಹೊಸ ಕಾರ್ಡನ್ನು ಅಂಗಡಿಗೆ ಒಯ್ಯಬೇಡಿ.
ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲೇ. ಹಿಂದಿನ ತಿಂಗಳ ಬಾಕಿ ಉಳಿದಿದ್ದರೆ ಹೊಸ ಖರೀದಿಗೆ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಹಲವು ಬ್ಯಾಂಕುಗಳು ವರ್ಗಾಯಿಸಿಕೊಂಡ ಮೊತ್ತವನ್ನೂ ಅಂಥ ಬಾಕಿಯಾಗಿಯೇ ಎಣಿಸುತ್ತವೆ. ತಿಂಗಳಿಗೆ 10,000ದ ದಿನಸಿ, ಪೆಟ್ರೋಲು ಇದೇ ಕಾರ್ಡಿನಲ್ಲಿ ಹೋದರೆ ಒಂದು ತಿಂಗಳ ಬಡ್ಡಿ, ತೆರಿಗೆ ಸೇರಿ 413 ರೂಪಾಯಿ. ಮೂರು ತಿಂಗಳಿಗೆ 1,239, ಇನ್ನೊಂದು ಫೀ ಕಟ್ಟಿದ ಹಾಗೇ. ಇನ್ನೊಂದು ಕಿತಾಪತಿಯೂ ಇದೆ. ನೀವು ಕಟ್ಟಿದ ಹಣ ಯಾವ ಬಾಬತ್ತಿಗೆ ಮೊದಲು ಜಮೆ ಎಂಬುದು ಬ್ಯಾಂಕಿನ ನಿಯಮದಂತೆ. ಕೆಲವು ಕಡೆ ತೆರಿಗೆ, ಫೀ, ಬಡ್ಡಿ ಆದಮೇಲೆ ವರ್ಗಾಯಿಸಿದ ಬಾಕಿ, ಅದರ ನಂತರ ಖರೀದಿ. ಬಡ್ಡಿಯಿಲ್ಲದ ಸಾಲ ಮೊದಲು ತೀರುತ್ತದೆ, ಬಡ್ಡಿ ಬೀಳುವ ದಿನಸಿ ಬಿಲ್ಲು ಕಾಯುತ್ತಾ ಬೆಳೆಯುತ್ತದೆ! ತಿಂಗಳ ಖರ್ಚನ್ನು ಯುಪಿಐನಲ್ಲೋ ನಗದಿನಲ್ಲೋ ಮಾಡಿ.

4. ಹಣ ಬಂದು ಸೇರುವವರೆಗೆ ಹಳೇ ಕಾರ್ಡನ್ನು ಮರೆಯಬೇಡಿ.
ವರ್ಗಾವಣೆಗೆ ಕೆಲವು ದಿನ ಹಿಡಿಯುತ್ತದೆ. ನಡುವೆ ಡ್ಯೂ ಡೇಟ್ ಬಂದರೆ ಕನಿಷ್ಠ ಮೊತ್ತ ಕಟ್ಟಿಬಿಡಿ. ಹಣ ತಲುಪಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಬರುತ್ತದೆ, ಅದನ್ನೂ ತೀರಿಸಿ. ಕಾರ್ಡೇ ಬೇಡ ಅನಿಸಿದರೆ ಬಾಕಿ ಪೂರ್ತಿ ಸೊನ್ನೆಯಾದ ಮೇಲೆ ಮುಚ್ಚಲು ಕೋರಿಕೆ ಕೊಡಿ. ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಏಳು ಕೆಲಸದ ದಿನಗಳಲ್ಲಿ ಅದು ಆಗಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಸಲ್ಲಬೇಕು.

5. ಆರು ತಿಂಗಳ ಆಫರ್ ಆದರೆ ಪರ್ಸನಲ್ ಲೋನ್ ಜೊತೆ ಹೋಲಿಸಿ.
ಸೊನ್ನೆ ಬಡ್ಡಿ ಸಾಮಾನ್ಯವಾಗಿ ಅಲ್ಪಾವಧಿಗೆ ಮಾತ್ರ. ಅವಧಿ ಉದ್ದವಾದಂತೆ ದರ ಏರುತ್ತದೆ. ಆರು ತಿಂಗಳ ಆಫರ್‌ಗೆ ತಿಂಗಳಿಗೆ ಶೇ 1.5 ಎನ್ನಿ. ತಿಂಗಳಿಗೆ 10,000ದಂತೆ ಅಸಲು ತೀರಿಸಿದರೆ ಬಡ್ಡಿ, ತೆರಿಗೆ, ಫೀ ಎಲ್ಲ ಸೇರಿ 5,133. ಅದೇ ಹಣ ವರ್ಷಕ್ಕೆ ಶೇ 16ರ ಪರ್ಸನಲ್ ಲೋನ್‌ನಲ್ಲಿ, ಅಷ್ಟೇ ಫೀ ಕೊಟ್ಟರೂ, ಸುಮಾರು 4,216. ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕಾರ್ಡಿನ ಬಡ್ಡಿಗೆ ಇದೆ. ವ್ಯತ್ಯಾಸದಲ್ಲಿ ಅದರ ಪಾಲು ಸಣ್ಣದಲ್ಲ. ಆಫರ್ ದರವನ್ನು ಇಎಂಐ ರೂಪದಲ್ಲಿ “ಫ್ಲ್ಯಾಟ್ ಶೇ 1” ಎಂದು ಹೇಳಿದರೆ ಇನ್ನೂ ಹುಷಾರು. 12 ತಿಂಗಳಿಗೆ ಕಂತು 5,600 ಬರುತ್ತದೆ, ವರ್ಷಕ್ಕೆ ಶೇ 12 ಅನಿಸುತ್ತದೆ. ಅಸಲು ತಿಂಗಳು ತಿಂಗಳು ಇಳಿಯುತ್ತಿದ್ದರೂ ಬಡ್ಡಿ ಮಾತ್ರ 60,000ಕ್ಕೇ ಬೀಳುವುದರಿಂದ ನಿಜವಾದ ದರ ಶೇ 21ರ ಮೇಲೆ, ಜಿಎಸ್‌ಟಿ ಬೇರೆ. “ರೆಡ್ಯೂಸಿಂಗ್ ದರ ಹೇಳಿ” ಎಂದು ಕೇಳಿ. ಆ ಬದಿಯವರು ತಡವರಿಸಿದರೆ ಫೋನ್ ಇಟ್ಟುಬಿಡಬಹುದು.